ವಿಮೆಯ ಕಮಿಷನ್: ಮೊದಲ ವರ್ಷದ ಹಣ ಕೈಗೆ ಬಂದರೂ ನಮ್ಮದಲ್ಲ

ಊರಿನಲ್ಲಿ ಎಲ್‌ಐಸಿ ಏಜೆಂಟ್ ಎಂದರೆ ಹೆಚ್ಚಾಗಿ ಪರಿಚಯದ ಮೇಷ್ಟ್ರೋ, ಪಕ್ಕದ ಬೀದಿಯವರೋ ಆಗಿರುತ್ತಿದ್ದರು. ಸಂಜೆ ಬಿಡುವಿನಲ್ಲಿ ಬಂದು ಕಾಫಿ ಕುಡಿದು ಪಾಲಿಸಿ ಮಾಡಿಸಿ ಹೋಗುತ್ತಿದ್ದರು. ಸಿಡ್ನಿ, ಮೆಲ್ಬರ್ನ್‌ಗಳಲ್ಲಿರುವ ನಮಗೂ ವಾರಾಂತ್ಯದಲ್ಲಿ ಹಾಗೆಯೇ ನಾಲ್ಕು ಕಾಸು ಸಂಪಾದಿಸಬಹುದಲ್ಲ ಎನಿಸುವುದು ಸಹಜ. ಆದರೆ ಇಲ್ಲಿನ ದಾರಿ ಬೇರೆ.

ಒಬ್ಬರ ಸಂಸಾರದ ಸ್ಥಿತಿ ನೋಡಿ ಇಂಥ ಜೀವವಿಮೆ ತೆಗೆದುಕೊಳ್ಳಿ ಎಂದು ಹೇಳಲು ಇಲ್ಲಿ ಪರವಾನಗಿ ಇರುವ ಸಂಸ್ಥೆಯೊಂದರ ಅಧಿಕೃತ ಪ್ರತಿನಿಧಿಯಾಗಿರಬೇಕು. ಹೊಸಬರಿಗೆ ಮಾನ್ಯ ಪದವಿ, ಒಂದು ಪರೀಕ್ಷೆ, ಆಮೇಲೆ ಹಿರಿಯರ ಕೈಕೆಳಗೆ 1,600 ಗಂಟೆಗಳ ವೃತ್ತಿ ತರಬೇತಿ ಇದೆ. ಮ್ಯೂಚುವಲ್ ಫಂಡ್‌ಗೆ ಇಲ್ಲಿ ಮ್ಯಾನೇಜ್ಡ್ ಫಂಡ್ ಎನ್ನುತ್ತಾರೆ. ಅದರಲ್ಲಿ ಹೊಸ ಹೂಡಿಕೆಗೆ ಕಮಿಷನ್ ಕೊಡುವುದು 2013ರ ಜುಲೈ 1ರಿಂದ ನಿಂತಿದೆ. ಸಲಹೆಯ ಶುಲ್ಕವನ್ನು ಗ್ರಾಹಕರೇ ಕೊಡಬೇಕು. ಅದು ಮುಂದುವರಿಯುವಂಥ ಶುಲ್ಕವಾದರೆ ವರ್ಷಕ್ಕೊಮ್ಮೆ ಅವರ ಒಪ್ಪಿಗೆ ಪಡೆಯಬೇಕು.

ಜೀವವಿಮೆಯಲ್ಲಿ ಮಾತ್ರ ಕಮಿಷನ್ ಉಳಿದಿದೆ. 2020ರಿಂದ ಅದರ ಮಿತಿ ಜಿಎಸ್‌ಟಿ ಬಿಟ್ಟು ಮೊದಲ ವರ್ಷ ಕಂತಿನ ಶೇ. 60, ನಂತರ ಪ್ರತಿ ವರ್ಷ ಶೇ. 20. ಒಂದು ಉದಾಹರಣೆ ನೋಡೋಣ. ವರ್ಷದ ಕಂತು 1,200 ಡಾಲರ್ ಎಂದುಕೊಳ್ಳಿ. ಮೊದಲ ವರ್ಷ ಹೆಚ್ಚೆಂದರೆ 720 ಡಾಲರ್ ಬರುತ್ತದೆ, ಅದರಲ್ಲಿ ಸಂಸ್ಥೆಯ ಪಾಲೂ ಹೋಗುತ್ತದೆ. ಗ್ರಾಹಕರು ಹತ್ತನೆಯ ತಿಂಗಳಲ್ಲಿ ಪಾಲಿಸಿ ಬಿಟ್ಟರೆ ಆ 720 ಡಾಲರನ್ನೂ ವಿಮಾ ಕಂಪನಿಗೆ ಹಿಂತಿರುಗಿಸಬೇಕು. ಹದಿನೆಂಟನೆಯ ತಿಂಗಳಲ್ಲಿ ಬಿಟ್ಟರೆ ಶೇ. 60, ಅಂದರೆ 432 ಡಾಲರ್. ಬಂದ ಹಣವನ್ನು ಕಾರಿನ ಕಂತಿಗೆ ಕಟ್ಟಿಬಿಟ್ಟವರ ಪಾಡು ಊಹಿಸಿಕೊಳ್ಳಿ!

ಹಾಗಾದರೆ ಪಾಲಿಸಿ ಏಕೆ ಬಿಡುತ್ತಾರೆ? ಸಂಘದ ಯುಗಾದಿ ಊಟದಲ್ಲಿ ಸಿಕ್ಕ ಸ್ನೇಹಿತರು ಕೇಳಿದರೆಂದು ದಾಕ್ಷಿಣ್ಯಕ್ಕೆ ಸಹಿ ಹಾಕಿದವರು, ವರ್ಷ ತುಂಬಿ ಹೆಚ್ಚಿದ ಕಂತಿನ ಪತ್ರ ಬಂದಾಗ ಎಚ್ಚೆತ್ತುಕೊಳ್ಳುತ್ತಾರೆ. ವಯಸ್ಸಿನೊಂದಿಗೆ ಕಂತು ಏರುವ ಪಾಲಿಸಿಗಳೇ ಇಲ್ಲಿ ಸಾಮಾನ್ಯ, ಅದನ್ನು ಮೊದಲೇ ಬಿಡಿಸಿ ಹೇಳಿರುವುದಿಲ್ಲ. ಇನ್ನು ಕೆಲವರಿಗೆ ತಮ್ಮ ಸೂಪರ್ ಖಾತೆಯಲ್ಲೇ ವಿಮೆ ಇದೆಯೆಂದು ಆಮೇಲೆ ತಿಳಿಯುತ್ತದೆ.

ಬಲ್ಲ ಸಲಹೆಗಾರರು ಮೊದಲು ಕೇಳುವುದು ಆ ಸೂಪರ್ ಖಾತೆಯ ವಾರ್ಷಿಕ ಪತ್ರವನ್ನೇ. "ನಿಮಗೆ ಸದ್ಯಕ್ಕೆ ಇಷ್ಟು ಸಾಕು, ಆದರೆ ಕೆಲಸ ಬಿಟ್ಟು 16 ತಿಂಗಳು ಖಾತೆಗೆ ಹಣ ಬೀಳದಿದ್ದರೆ ಈ ವಿಮೆ ನಿಂತುಹೋಗಬಹುದು, ನೆನಪಿರಲಿ" ಎಂದು ಹೇಳಿ ಕಳುಹಿಸುತ್ತಾರೆ. ಅಂದು ಅವರಿಗೆ ಕಮಿಷನ್ ಇಲ್ಲ. ಮುಂದಿನ ವರ್ಷ ಮನೆ ಸಾಲ ಮಾಡಿದಾಗಲೋ ಮಗುವಾದಾಗಲೋ ಅದೇ ಕುಟುಂಬ ತಾನಾಗಿ ಫೋನ್ ಮಾಡುತ್ತದೆ. ಹಾಗೆ ಬಂದ ಪಾಲಿಸಿ ಸಾಮಾನ್ಯವಾಗಿ ಎರಡು ವರ್ಷ ದಾಟುತ್ತದೆ.

ಪಾಲಿಸಿ ಕೊಳ್ಳುವವರಿಗೂ ಒಂದು ಮಾತು. ಸಲಹೆ ಕೊಡುವವರು ಎಷ್ಟೇ ಪರಿಚಿತರಾಗಿರಲಿ, ಸರ್ಕಾರದ ಮನಿಸ್ಮಾರ್ಟ್ ತಾಣದಲ್ಲಿರುವ ಹಣಕಾಸು ಸಲಹೆಗಾರರ ಪಟ್ಟಿಯಲ್ಲಿ ಅವರ ಹೆಸರು ಹುಡುಕಿ ನೋಡಿ. ಹೆಸರಿಲ್ಲದಿದ್ದರೆ ಊಟ ಮುಗಿಸಿ ನಮಸ್ಕಾರ ಹೇಳಿ ಬನ್ನಿ.