ಮೇಜಿನ ಅಂಚಿನ ಸ್ಟೀರಿಂಗ್

ಕಾರು ಓಡಿಸುವ ಆಟಗಳಿಗೆಂದು ಕಂಪ್ಯೂಟರ್ ಮೇಜಿಗೆ ಬಿಗಿಯುವ ಸ್ಟೀರಿಂಗ್‌ನೊಳಗೆ ಸೆನ್ಸರ್ ಇದೆ, ಮೋಟರ್ ಇದೆ. ಚಕ್ರ ಎಷ್ಟು ತಿರುಗಿತೆಂದು ಸೆನ್ಸರ್ ಕಂಪ್ಯೂಟರಿಗೆ ತಿಳಿಸುತ್ತದೆ. ಟೈರಿನಡಿಯ ರಸ್ತೆ ಹೇಗಿದೆಯೆಂದು ಮೋಟರ್ ಕೈಗೆ ತಿಳಿಸುತ್ತದೆ.

ಚಕ್ರದ ನಡು ಎಲ್ಲಿ, ಎರಡು ಕೊನೆಗಳು ಎಲ್ಲಿ ಎಂದು ಗೊತ್ತುಮಾಡುವುದೇ ಕ್ಯಾಲಿಬ್ರೇಷನ್. ಲಾಜಿಟೆಕ್ ಜಿ29 ನಂಥ ಸ್ಟೀರಿಂಗ್ ಸಂಪರ್ಕ ಸಿಕ್ಕಿದ ಕೂಡಲೇ ತಾನಾಗಿ ಎಡಬಲ ತಿರುಗಿ ನಡುವಿಗೆ ಬಂದು ನಿಲ್ಲುತ್ತದೆ. ಆಗ ಕೈ ಅಡ್ಡ ಹಿಡಿದರೆ ನಡು ತಪ್ಪಿಹೋಗಿ, ಚಕ್ರ ನೆಟ್ಟಗಿದ್ದರೂ ಆಟದ ಕಾರು ಒಂದು ಪಕ್ಕಕ್ಕೆ ಎಳೆಯಬಹುದು. ವಿಮಾನದ ಆಟಗಳ ಸಾಮಾನ್ಯ ಜಾಯ್‌ಸ್ಟಿಕ್‌ನಲ್ಲಿ ಮೋಟರ್ ಇರುವುದಿಲ್ಲ, ಸ್ಪ್ರಿಂಗ್ ಮಾತ್ರ. ಅದನ್ನು ಪರೀಕ್ಷಿಸಲು ವಿಂಡೋಸ್‌ನ Run ಕಿಟಕಿಯಲ್ಲಿ `joy.cpl` ಎಂದು ಬರೆದು, Properties ತೆರೆದು, ಕೋಲಿನಿಂದ ಕೈ ತೆಗೆಯಬೇಕು. ಚೌಕದೊಳಗಿನ ಪುಟ್ಟ ಕೂಡುಗುರುತು ನಡುವಿನಲ್ಲಿ ನಿಂತರೆ ಸರಿ. ಒಂದೇ ಕಡೆಗೆ ಸರಿದು ನಿಂತಿದ್ದರೆ Settings ವಿಭಾಗದ Calibrate ಅದನ್ನು ತಿದ್ದುತ್ತದೆ. ನಿಲ್ಲದೆ ನಡುಗುತ್ತಿದ್ದರೆ ಮಾತ್ರ ಕ್ಯಾಲಿಬ್ರೇಷನ್‌ನಿಂದ ಪ್ರಯೋಜನವಿಲ್ಲ; ಒಳಗಿನ ಪೊಟೆನ್ಶಿಯೋಮೀಟರ್ ಸವೆದಿರಬಹುದು, ಇಲ್ಲವೇ ಅದರಲ್ಲಿ ಧೂಳು ಕೂತಿರಬಹುದು.

ಆ ನಡುಕವನ್ನು ಮರೆಸುವ ಉಪಾಯ ಡೆಡ್ ಝೋನ್. ನಡುವಿನ ಸುತ್ತ ಒಂದಿಷ್ಟು ಜಾಗದಲ್ಲಿ ಏನೇ ಅಲುಗಾಡಿದರೂ ಆಟ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹೆಚ್ಚಿನವರು ಎಡವುವುದು ಇಲ್ಲಿಯೇ. ಒಂದೊಂದು ಪಕ್ಕಕ್ಕೆ 20 ಡಿಗ್ರಿ ಬಾಗುವ ಕೋಲಿಗೆ ಶೇ. 5ರ ಡೆಡ್ ಝೋನ್ ಇಟ್ಟರೆ ಹೋಗುವುದು 1 ಡಿಗ್ರಿ. ಕೈಗೆ ಗೊತ್ತೂ ಆಗದು. ಜಿ29 ಒಟ್ಟು 900 ಡಿಗ್ರಿ, ಅಂದರೆ ಪಕ್ಕಕ್ಕೆ 450 ಡಿಗ್ರಿ ತಿರುಗುತ್ತದೆ. ಅದಕ್ಕೂ ಅದೇ ಶೇ. 5 ಇಟ್ಟರೆ 22.5 ಡಿಗ್ರಿ ತಿರುಗಿಸುವವರೆಗೆ ಕಾರು ಮಿಸುಕುವುದೇ ಇಲ್ಲ. ನೇರ ದಾರಿಯಲ್ಲಿ ಕಾರು ಹಾವಿನಂತೆ ಹೊರಳಾಡುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಸ್ಟೀರಿಂಗ್‌ಗೆ ಡೆಡ್ ಝೋನ್ ಸೊನ್ನೆಯೇ ಇರಲಿ. ಬ್ರೇಕಿನ ಮೇಲೆ ಕಾಲು ಸುಮ್ಮನೆ ಇಟ್ಟಾಗಲೂ ಕಾರು ನಿಧಾನವಾಗುತ್ತಿದ್ದರೆ ಪೆಡಲಿಗೆ ಮಾತ್ರ ಸ್ವಲ್ಪ ಕೊಡಬಹುದು.

ಇನ್ನು ಫೋರ್ಸ್ ಫೀಡ್‌ಬ್ಯಾಕ್. ಟೈರಿನ ಮೇಲೆ ಬೀಳುವ ಒತ್ತಡವನ್ನು ಆಟ ಕ್ಷಣಕ್ಷಣಕ್ಕೂ ಲೆಕ್ಕಹಾಕಿ ಮೋಟರಿಗೆ ಕಳಿಸುತ್ತದೆ. ಮೋಟರಿನ ಪೂರ್ತಿ ಬಲವನ್ನು 100 ಎನ್ನೋಣ. ದೊಡ್ಡ ತಿರುವಿನಲ್ಲಿ ಆಟ 120 ಕೇಳಿದರೂ ಸಿಗುವುದು 100. ಅಲ್ಲೊಂದು ಉಬ್ಬು ಬಂದು ಬೇಡಿಕೆ 135ಕ್ಕೆ ಏರಿದರೂ ಸಿಗುವುದು ಅದೇ 100, ಹಾಗಾಗಿ ಉಬ್ಬು ಕೈಗೆ ತಿಳಿಯುವುದೇ ಇಲ್ಲ. ಇದಕ್ಕೆ ಕ್ಲಿಪ್ಪಿಂಗ್ ಎನ್ನುತ್ತಾರೆ. ಬಲವನ್ನು ಶೇ. 70ಕ್ಕೆ ಇಳಿಸಿದರೆ ತಿರುವಿಗೆ 84, ಉಬ್ಬಿಗೆ ಸುಮಾರು 95 ಆಗಿ, ಎರಡರ ವ್ಯತ್ಯಾಸ ಕೈಗೆ ಮುಟ್ಟುತ್ತದೆ. ಅಸೆಟ್ಟೊ ಕೊರ್ಸಾ ಆಟದಲ್ಲಿ ಪೆಡಲುಗಳ ಪಟ್ಟಿಗಳ ಜೊತೆ ಈ ಬಲಕ್ಕೂ ಒಂದು ಪಟ್ಟಿ ಕಾಣುತ್ತದೆ. ಮಿತಿ ದಾಟಿದಾಗ ಅದು ಕೆಂಪಾಗುತ್ತದೆ. ಉಬ್ಬಿನ ಮೇಲೆ ಒಮ್ಮೆ ಮಿನುಗಿ ಆರಿದರೆ ತೊಂದರೆಯಿಲ್ಲ. ತಿರುವು ಮುಗಿಯುವವರೆಗೂ ಕೆಂಪಾಗಿಯೇ ಇದ್ದರೆ ಬಲವನ್ನು ಇಳಿಸಬೇಕು.