ಸಂಜೆಯಲ್ಲೂ ನಾಯಿಯ ಪಾದ ಸುಡುವುದೇಕೆ?

ಪ್ರಶ್ನೆ: ಬಿಸಿಲು ಇಳಿದ ಮೇಲೆಯೇ ನಾಯಿಯನ್ನು ವಾಕಿಂಗ್ ಕರೆದೊಯ್ದರೂ ಅದು ಕುಂಟುತ್ತಾ, ಪಾದ ನೆಕ್ಕುತ್ತಾ ಬಂತು. ಕಾರಣವೇನು?
– ಓದುಗರೊಬ್ಬರು, ಕಲಬುರಗಿ

ಉತ್ತರ: ಡಾಂಬರು ಹಗಲಿಡೀ ಹೀರಿದ ಶಾಖವನ್ನು ನಿಧಾನವಾಗಿ ಬಿಡುತ್ತದೆ. ಗಾಳಿ ತಂಪಾದರೂ ರಸ್ತೆ ತಂಪಾಗಿರುವುದಿಲ್ಲ. ಹೊರಡುವ ಮುನ್ನ ಅಂಗೈಯ ಹಿಂಭಾಗವನ್ನು ರಸ್ತೆಗೆ ಒತ್ತಿ ನೋಡಿ. 7 ಸೆಕೆಂಡು ಇಡಲಾಗದಿದ್ದರೆ ನಾಯಿಯೂ ಅಲ್ಲಿ ನಡೆಯಬಾರದು. ಬೇಸಿಗೆಯಲ್ಲಿ ಬೆಳಗಿನ ಜಾವವೇ ಸುರಕ್ಷಿತ.

ಸುಟ್ಟ ಅಂಗಾಲು ಕೆಂಪಾಗುತ್ತದೆ ಇಲ್ಲವೇ ಹೆಚ್ಚು ಕಪ್ಪಾಗುತ್ತದೆ. ಬೊಬ್ಬೆ ಎದ್ದು ಚರ್ಮ ಸುಲಿಯಲೂಬಹುದು. ತಕ್ಷಣ ನಾಯಿಯನ್ನು ನೆರಳಿಗೆ ಎತ್ತಿಕೊಂಡು ಹೋಗಿ, ಪಾದದ ಮೇಲೆ 10ರಿಂದ 20 ನಿಮಿಷ ತಣ್ಣೀರು ಹರಿಸಿ. ಐಸ್, ಟೂತ್‌ಪೇಸ್ಟ್, ಎಣ್ಣೆ ಬೇಡ. ಬೊಬ್ಬೆ ಒಡೆಯಬೇಡಿ. ಶುಭ್ರ ಬಟ್ಟೆಯನ್ನು ಸಡಿಲವಾಗಿ ಸುತ್ತಿ, ನೆಕ್ಕದಂತೆ ತಡೆದು, ಪಶುವೈದ್ಯರಿಗೆ ತೋರಿಸಿ. ಮನುಷ್ಯರ ನೋವಿನ ಮಾತ್ರೆ ನಾಯಿಗೆ ವಿಷವಾಗಬಹುದು.

ಜಲ್ಲಿ, ಮುಳ್ಳಿನ ನೆಲದಲ್ಲಿ ನಡೆದು ಬಂದಾಗಲೂ ಬೆರಳುಗಳ ಸಂದಿಯನ್ನು ಬಿಡಿಸಿ ನೋಡಿ. ಕಲ್ಲಿನ ಚೂರು, ಮುಳ್ಳು ಸಿಕ್ಕಿದ್ದರೆ ತೆಗೆದು, ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ಸಂದಿಯಲ್ಲಿ ತೇವ ಉಳಿಯದಂತೆ ಒರೆಸಿ. ಆಳದ ಗಾಯ, ನಿಲ್ಲದ ರಕ್ತ, ಕೀವು ಕಂಡರೆ ಮನೆಮದ್ದಿಗೆ ಕಾಯದೆ ಅಂದೇ ವೈದ್ಯರ ಬಳಿ ಹೋಗಿ.