ಮತ್ತೆ ಬದಲಿಸಲಾಗದ ಶೇ. 40

2006ರ ಏಪ್ರಿಲ್ ನಂತರ ರಾಜ್ಯ ಸರ್ಕಾರಿ ಕೆಲಸಕ್ಕೆ ಸೇರಿ ಎನ್‌ಪಿಎಸ್‌ಗೆ ಒಳಪಟ್ಟವರು ಈಗ ಒಬ್ಬೊಬ್ಬರಾಗಿ ನಿವೃತ್ತರಾಗುತ್ತಿದ್ದಾರೆ. ಖಾತೆಯಲ್ಲಿ ಕೂಡಿದ ಹಣದಲ್ಲಿ ಶೇ. 60ರವರೆಗೆ ಇಡಿಗಂಟಾಗಿ, ತೆರಿಗೆಯಿಲ್ಲದೆ ಪಡೆಯಬಹುದು. ಉಳಿದ ಶೇ. 40ನ್ನು ವಿಮಾ ಕಂಪನಿಗೆ ಕೊಟ್ಟು ಪಿಂಚಣಿ, ಅಂದರೆ ಆನ್ಯುಟಿ, ಕೊಳ್ಳಬೇಕು. ಎಲ್ಲರ ಗಮನವೂ ಇಡಿಗಂಟಿನ ಮೇಲೆಯೇ. ಆದರೆ ನಿಜವಾಗಿ ಕೂತು ಯೋಚಿಸಬೇಕಾದದ್ದು ಇನ್ನೊಂದು ಪಾಲಿನ ಬಗ್ಗೆ.

ಖಾತೆಯಲ್ಲಿ 50 ಲಕ್ಷ ಇರುವ ಶಿಕ್ಷಕರೊಬ್ಬರನ್ನು ಊಹಿಸಿಕೊಳ್ಳಿ. 30 ಲಕ್ಷ ಬ್ಯಾಂಕಿಗೆ ಬರುತ್ತದೆ, 20 ಲಕ್ಷ ಆನ್ಯುಟಿಗೆ ಹೋಗುತ್ತದೆ. ತಮ್ಮೊಬ್ಬರ ಜೀವಿತಾವಧಿಗೆ ಮಾತ್ರ, ಅಸಲು ವಾಪಸ್ ಬೇಡ ಎಂದರೆ ದರ ಹೆಚ್ಚು. ಲೆಕ್ಕಕ್ಕೆ ಶೇ. 8 ಎಂದಿಟ್ಟುಕೊಂಡರೆ ತಿಂಗಳಿಗೆ ಸುಮಾರು 13,300 ರೂಪಾಯಿ. ತಮ್ಮ ನಂತರ ಹೆಂಡತಿಗೂ ಅಷ್ಟೇ ಪಿಂಚಣಿ, ಅವರ ನಂತರ ಮಕ್ಕಳಿಗೆ 20 ಲಕ್ಷ ಅಸಲು ಎಂದರೆ ದರ ಇಳಿಯುತ್ತದೆ. ಶೇ. 6.5 ಎಂದುಕೊಂಡರೆ ಸುಮಾರು 10,800. ತಿಂಗಳಿಗೆ 2,500ರ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ, ನಿಜ. ಆದರೆ ಮೊದಲನೆಯದನ್ನು ಆರಿಸಿಕೊಂಡವರು ಎರಡೇ ವರ್ಷದಲ್ಲಿ ತೀರಿಕೊಂಡರೆ ಮನೆಯವರಿಗೆ ಬಿಡಿಗಾಸೂ ಇಲ್ಲ. ಹೆಂಡತಿಗೆ ಬೇರೆ ಆದಾಯವಿಲ್ಲದಿದ್ದರೆ ಆ 2,500ರ ಆಸೆಗೆ ಬೀಳಬಾರದೆಂಬುದು ನನ್ನ ಅಭಿಪ್ರಾಯ. ಯಾವುದನ್ನು ಆರಿಸಿದರೂ ಮೊತ್ತ ಕೊನೆಯವರೆಗೂ ಅಷ್ಟೇ. ಅದಕ್ಕೆ ತುಟ್ಟಿಭತ್ಯೆ ಸೇರುವುದಿಲ್ಲ. ಪ್ರತಿವರ್ಷ ಬರುವ ಪಿಂಚಣಿ ಆದಾಯ ತೆರಿಗೆಯ ಲೆಕ್ಕಕ್ಕೂ ಬರುತ್ತದೆ. ಕಂಪನಿಯಿಂದ ಕಂಪನಿಗೆ ದರ ಬೇರೆಯಾಗುವುದರಿಂದ ಒಂದೇ ಆಯ್ಕೆಗೆ ನಾಲ್ಕಾರು ಕಡೆಯ ದರ ನೋಡಿ.

ಅರ್ಜಿ ಹಾಕಲು ನಿವೃತ್ತಿಯ ದಿನದವರೆಗೆ ಕಾಯಬೇಕಿಲ್ಲ, ಕೆಲವು ತಿಂಗಳು ಮೊದಲೇ ತಯಾರಿ ಶುರುಮಾಡಬಹುದು. ಪ್ರಾನ್ ಸಂಖ್ಯೆಯಿಂದ ಲಾಗಿನ್ ಆಗಿ, ಇಡಿಗಂಟಿನ ಶೇಕಡಾವಾರು, ವಿಮಾ ಕಂಪನಿ ಮತ್ತು ಆನ್ಯುಟಿಯ ಬಗೆಯನ್ನು ಒಂದೇ ಅರ್ಜಿಯಲ್ಲಿ ತುಂಬಬೇಕು. ಗುರುತಿನ ದಾಖಲೆ, ಪಾನ್, ಬ್ಯಾಂಕ್ ಪುರಾವೆಗಳನ್ನು ಅಪ್‌ಲೋಡ್ ಮಾಡಿದ ಮೇಲೆ ಇಲಾಖೆಯ ಕಚೇರಿ ಪರಿಶೀಲಿಸಿ ಒಪ್ಪಿಗೆ ಕೊಡಬೇಕು. ಅಲ್ಲಿ ಕಡತ ನಿಂತರೆ ಹಣವೂ ನಿಲ್ಲುತ್ತದೆ.

ಹೆಚ್ಚಾಗಿ ಎಡವುವುದು ಹೆಸರಿನಲ್ಲಿ. ಖಾತೆ ನಿಮ್ಮದೇ ಎಂದು ಖಚಿತಪಡಿಸಿಕೊಳ್ಳಲು ಬ್ಯಾಂಕಿಗೆ ಒಂದು ಸಣ್ಣ ಮೊತ್ತ ಹಾಕಿ ನೋಡುತ್ತಾರೆ. ಪ್ರಾನ್‌ನಲ್ಲಿ ‘ಎಸ್. ಮಂಜುನಾಥ’ ಎಂದೂ ಪಾಸ್‌ಬುಕ್‌ನಲ್ಲಿ ‘ಮಂಜುನಾಥ ಶಿವಪ್ಪ’ ಎಂದೂ ಇದ್ದರೆ ಪರಿಶೀಲನೆ ವಿಫಲವಾಗಬಹುದು. ಹೆಂಡತಿಯ ಹೆಸರು, ಜನ್ಮದಿನಾಂಕಗಳೂ ಆಧಾರ್‌ನಂತೆಯೇ ಇರಲಿ. ಜಂಟಿ ಪಿಂಚಣಿ ನಿಂತಿರುವುದೇ ಅದರ ಮೇಲೆ. ಯಾವುದಾದರೂ ತಿಂಗಳ ವಂತಿಗೆ ಜಮೆಯಾಗದೆ ಉಳಿದಿದೆಯೇ ಎಂದು ಸ್ಟೇಟ್‌ಮೆಂಟ್ ತೆಗೆದು, ಸಂಬಳದ ಚೀಟಿಯೊಂದಿಗೆ ತಾಳೆ ಹಾಕಿ.

ಪಾಲಿಸಿ ಕೈಗೆ ಬಂದ ಮೇಲೆ ಆನ್ಯುಟಿಯ ಬಗೆ, ಜೊತೆಗಾರರ ಹೆಸರು, ನಾಮಿನಿ ಮೂರನ್ನೂ ಅದೇ ದಿನ ಓದಿ. ತಪ್ಪಿದ್ದರೆ ಅದರಲ್ಲೇ ಬರೆದಿರುವ ಫ್ರೀ ಲುಕ್ ಅವಧಿಯೊಳಗೆ ಲಿಖಿತವಾಗಿ ತಿಳಿಸಬೇಕು. ಆ ಗಡುವು ದಾಟಿದರೆ ಆನ್ಯುಟಿಯ ಬಗೆಯನ್ನಾಗಲಿ, ಕಂಪನಿಯನ್ನಾಗಲಿ ಬದಲಾಯಿಸಲು ಆಗುವುದಿಲ್ಲ.